ಕಿಡ್ನಿ ಲೆಕ್ಚರ್‌ನಿಂದ ಕ್ವಿಜ್: ಹತ್ತಕ್ಕೆ ಹತ್ತು ಬಂದರೂ ಕ್ಲಾಸಲ್ಲಿ ಬಾಯಿ ಕಟ್ಟುತ್ತೆ

ಸುಮಾ, ಕೋಥ್ರೂಡ್, ಪುಣೆ: ನರ್ಸಿಂಗ್ ಓದ್ತಿದೀನಿ. ಕಿಡ್ನಿ ಬಗ್ಗೆ 50 ನಿಮಿಷದ ಲೆಕ್ಚರ್ ರೆಕಾರ್ಡ್ ಮಾಡಿ ಟ್ರಾನ್ಸ್‌ಕ್ರಿಪ್ಟ್ ತೆಗೆದೆ, 11 ಪುಟ. ಅದರಿಂದ ಹತ್ತು ಪ್ರಶ್ನೆ ಮಾಡ್ಕೊಂಡೆ, 'ದಿನಕ್ಕೆ ಸುಮಾರು ___ ಲೀಟರ್ ಸೋಸುತ್ತದೆ' ಅನ್ನೋ ಥರ. ಹತ್ತಕ್ಕೆ ಹತ್ತು ಬರುತ್ತೆ. ಕ್ಲಾಸಲ್ಲಿ ಕೇಳಿದ್ರೆ ಬಾಯಿ ಕಟ್ಟುತ್ತೆ. ಎಲ್ಲಿ ತಪ್ತಿದೀನಿ?

ಮೋಹನ್, ಡೊಂಬಿವಲಿ: ಖಾಲಿ ಜಾಗ ಬಿಡ್ಬೇಡಿ, ನಾಲ್ಕು ಆಯ್ಕೆ ಕೊಡಿ. ಪರೀಕ್ಷೆಯಲ್ಲೂ ಅದೇ ಬರೋದು.

ವಿಶ್ವನಾಥ, ಮಾಟುಂಗಾ (ನಿವೃತ್ತ ಫಿಸಿಯಾಲಜಿ ಮೇಷ್ಟ್ರು): ಖಾಲಿ ಜಾಗ ಬೇಡ ಅಂದಿದ್ದು ಸರಿ ಮೋಹನ್, ಆದ್ರೆ ನಾಲ್ಕು ಆಯ್ಕೆಯಲ್ಲೂ ಕಣ್ಣು ಉತ್ತರವನ್ನ ಗುರುತಿಸುತ್ತೆ ಅಷ್ಟೆ. ಸುಮಾ, ನಿಮ್ಮ ವಾಕ್ಯ ನಿಮ್ಮ ಸರ್ ಹೇಳಿದ ವಾಕ್ಯವೇ. ಅದರ ಧಾಟಿ ಕೇಳಿದ ಕೂಡಲೇ 180 ನಾಲಗೆಗೆ ಬರುತ್ತೆ, ಕಿಡ್ನಿ ಜ್ಞಾಪಕಕ್ಕೆ ಬರೋದಿಲ್ಲ.

ಟ್ರಾನ್ಸ್‌ಕ್ರಿಪ್ಟ್ ಮುಚ್ಚಿಟ್ಟು ಪ್ರಶ್ನೆ ಬರೀರಿ. ಉದಾಹರಣೆಗೆ: '180 ಲೀಟರ್ ಸೋಸಿದರೂ ಮೂತ್ರ ಒಂದೂವರೆ ಲೀಟರ್ ಮಾತ್ರ. ಉಳಿದದ್ದು ಎಲ್ಲಿ ಹೋಯ್ತು?' ಉತ್ತರ ಒಂದೇ ಸಾಲು: ಟ್ಯೂಬ್ಯೂಲ್‌ಗಳಿಂದ ಮರಳಿ ರಕ್ತಕ್ಕೆ, ಅದರಲ್ಲೂ ಹೆಚ್ಚಿನ ಪಾಲು ಮೊದಲ ಭಾಗದಲ್ಲೇ. ಪಕ್ಕದಲ್ಲಿ ರೆಕಾರ್ಡಿಂಗಿನ ನಿಮಿಷ ಬರೆದಿಡಿ, ತಪ್ಪಾದರೆ ಅಲ್ಲಿಗೇ ಹೋಗಿ ಕೇಳಬಹುದು. 50 ನಿಮಿಷಕ್ಕೆ ಇಂಥ ಎಂಟು ಸಾಕು. ಎಲ್ಲಾ ಮೊದಲ ಹದಿನೈದು ನಿಮಿಷದಿಂದಲೇ ಬಂದಿವೆಯಾ ನೋಡ್ಕೊಳ್ಳಿ, ಸುಸ್ತಾದಾಗ ಹಾಗಾಗುತ್ತೆ.

ಬರೆದ ಸಂಜೆಯೇ ಉತ್ತರಿಸಬೇಡಿ, ಒಂದೆರಡು ದಿನ ಬಿಡಿ. 2006ರಲ್ಲಿ ರೋಡಿಗರ್, ಕಾರ್ಪಿಕೆ ಮಾಡಿದ ಪ್ರಯೋಗದಲ್ಲಿ ಐದು ನಿಮಿಷದ ನಂತರ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಅದು ತಿರುಗಾಮುರುಗಾ, ಓದಿದ್ದನ್ನ ನೆನಪಿನಿಂದ ಬರೆದು ನೋಡಿದವರೇ ಮುಂದೆ.

ಲತಾ, ಮಡಗಾಂವ್: ನಮ್ಮ ಮೇಡಂ ನಡುನಡುವೆ ಕೊಂಕಣಿ ಮಾತಾಡ್ತಾರೆ, ಅಲ್ಲೆಲ್ಲ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಏನೇನೋ ಇರುತ್ತೆ. ಯಾವ ಆ್ಯಪ್ ಒಳ್ಳೇದು?

ವಿಶ್ವನಾಥ: ಲತಾ, ಆ್ಯಪ್ ವಿಷಯ ನನಗೆ ಬಾರದು. ಆದ್ರೆ ಒಳ್ಳೆ ನೆನಪು ಮಾಡಿದ್ರಿ. ಸುಮಾ, ಅಫೆರೆಂಟ್, ಎಫೆರೆಂಟ್ ಬಂದ ಜಾಗಗಳನ್ನೆಲ್ಲ ಕಿವಿಯಿಂದ ಕೇಳಿ ಪರೀಕ್ಷಿಸಿ. ಯಂತ್ರಕ್ಕೆ ಅವೆರಡೂ ಒಂದೇ. ರಕ್ತ ಹೊರಹೋಗುವ ಎಫೆರೆಂಟ್ ನಾಳ ಕಿರಿದಾದರೆ ರಕ್ತ ಸೋಸುವ ಗ್ಲೊಮೆರುಲಸ್ಸಿನ ಒತ್ತಡ ಏರುತ್ತೆ, ಒಳಬರುವ ಅಫೆರೆಂಟ್ ನಾಳ ಕಿರಿದಾದರೆ ಇಳಿಯುತ್ತೆ. ಒಂದು ಅಕ್ಷರ ತಪ್ಪಿದರೆ ಉತ್ತರವೇ ತಲೆಕೆಳಗು.

ಮೋಹನ್: ಆದ್ರೂ ಸರ್, ಪೇಪರ್ ಆಯ್ಕೆಯದ್ದೇ ಇದ್ದಾಗ ಅಭ್ಯಾಸ ಅದರಲ್ಲೇ ಬೇಡ್ವಾ?

ವಿಶ್ವನಾಥ: ಕೊನೇ ವಾರ ಮಾಡ್ಲಿ ಅಂತ ನನ್ನ ಅಭಿಪ್ರಾಯ. ನೀವು ಒಪ್ಪಲೇಬೇಕು ಅಂತಿಲ್ಲ.

ಸುಮಾ: 27ನೇ ನಿಮಿಷ ಕೇಳಿದೆ ಸರ್. ಅವರು ಎಫೆರೆಂಟ್ ಅಂದಿದ್ದಾರೆ, ನನ್ನ ಹಾಳೆಯಲ್ಲಿ ಅಫೆರೆಂಟ್. ಆ ತಪ್ಪಿಗೂ ನನಗೆ ನಾನೇ ಒಂದು ಮಾರ್ಕ್ ಕೊಟ್ಕೊಂಡಿದ್ದೆ.