ಸ್ಪೆಲಿಂಗ್‌ಗೆ ಕೈ ಹಾಕಬೇಡಿ

"ದೊಡ್ಡಪ್ಪ, ಭಾನುವಾರ ನಾಮಕರಣ. ಪಾಪುದು ರೋಹಿಣಿ ಎರಡನೇ ಪಾದ, ಹೆಸರು 'ವಾ'ದಿಂದಲೇ ಶುರುವಾಗಬೇಕು ಅಂತಾರೆ ಜೋಯಿಸರು. ನಮಗೆ ಅನನ್ಯ ಅಂತ ಆಸೆ. ಸಂಖ್ಯಾಶಾಸ್ತ್ರದವರು ಕೊನೆಗೆ ಇನ್ನೊಂದು A ಸೇರಿಸಿ ಅಂತಾರೆ. ತಲೆ ಕೆಟ್ಟುಹೋಗಿದೆ, ಏನು ಮಾಡೋಣ?"

ಪುಟ್ಟಿ, ಟೈಪ್ ಮಾಡೋಕೆ ಕಣ್ಣು ಕಾಣಲ್ಲ, ಹೀಗೇ ಹೇಳ್ತೀನಿ. ನಮ್ಮ ರಮೇಶಂದು ನಿಮಗೆಲ್ಲ ಗೊತ್ತಲ್ವಾ? ಅರ್ಧ ಗೊತ್ತು. ಇನ್ನರ್ಧ ಇವತ್ತು ಕೇಳಿ.

ಡಿಗ್ರಿ ಮುಗಿದು ಎರಡು ವರ್ಷ ಅವನಿಗೆ ಕೆಲಸ ಸಿಗಲಿಲ್ಲ. ಒಬ್ಬ ಸಂಖ್ಯಾಶಾಸ್ತ್ರದವರು ಮನೆಗೆ ಬಂದು ಲೆಕ್ಕ ಹಾಕಿದರು. R ಅಂದರೆ 2, A 1, M 4, E 5, S 3, H 5. ಒಟ್ಟು 20, ಕೂಡಿದರೆ 2. ಚಂದ್ರನ ಸಂಖ್ಯೆ, ಅದಕ್ಕೇ ನಿಲ್ತಾ ಇಲ್ಲ ಅಂದರು. ಕೊನೆಗೆ ಒಂದು A ಹಾಕಿ, 21 ಆಗುತ್ತೆ, ಅಂದರೆ 3, ಗುರು ಬರ್ತಾನೆ ಅಂದರು. ಹಾಕಿದೆವು. ಪ್ಯಾನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ಎರಡೂ RAMESHA ಆದವು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಮಾತ್ರ RAMESH ಆಗಿಯೇ ಉಳೀತು.

ಕೊನೆಗೂ ಕೆಲಸ ಬಂತು. ಕಾಗದ ನೋಡಿದವರು, ಇವರಿಬ್ಬರೂ ಒಬ್ಬರೇನಾ ಅಂದರು! ಅಫಿಡವಿಟ್ಟು, ಪೇಪರಲ್ಲಿ ಜಾಹೀರಾತು, ಎರಡು ತಿಂಗಳು ಓಡಾಟ. ಅಷ್ಟರಲ್ಲಿ ಸೇರುವ ದಿನ ಕಳೆದೇ ಹೋಯ್ತು. ಅದಕ್ಕೇ ಹೇಳ್ತೀನಿ, ಸ್ಪೆಲಿಂಗ್‌ಗೆ ಕೈ ಹಾಕಬೇಡಿ.

ಇನ್ನೂ ಮಜಾ ಕೇಳಿ. ಆಮೇಲೆ ಇನ್ನೊಬ್ಬರು ಸಿಕ್ಕರು. ಅವರದು ಬೇರೆ ಪಟ್ಟಿ. A ಇಂದ I ವರೆಗೆ ಸಾಲಾಗಿ 1 ರಿಂದ 9, J ಇಂದ ಮತ್ತೆ 1. ಆ ಲೆಕ್ಕದಲ್ಲಿ ಹಳೆಯ RAMESH 28, ಅಂದರೆ 1, ಸೂರ್ಯ, ಒಳ್ಳೆಯದಂತೆ. ನಾವು ದುಡ್ಡು ಕೊಟ್ಟು ಸೇರಿಸಿದ A ಇಂದ 29 ಆಗಿ, ತಿರುಗಿ 2ಕ್ಕೇ ಬಂತು! ಯಾವ ಚಂದ್ರನಿಂದ ಓಡಿಬಂದೆವೋ ಅವನೇ ಎದುರು ಕೂತ ಹಾಗೆ. ಇಂಗ್ಲಿಷ್ ಅಕ್ಷರ, ಎರಡು ಪಟ್ಟಿ, ಎರಡು ಫಲ. ಸ್ಪೆಲಿಂಗ್‌ಗೆ ಕೈ ಹಾಕಬೇಡಿ ಪುಟ್ಟಿ, ಕೇಳಿಸ್ತಾ?

ಆ ಮೊದಲನೆಯವರನ್ನು ಕರ್ಕೊಂಡು ಬಂದಿದ್ದು ಯಾರು? ನಿಮ್ಮ ಚಿಕ್ಕಪ್ಪ. ದಕ್ಷಿಣೆ 2,100 ನನ್ನ ಜೇಬಿಂದ. ನೋಟರಿ ಹತ್ತಿರ ಬಾ ಅಂದರೆ ಸೊಂಟ ನೋವು. ಅವನ ಮಗಳ ಮದುವೆ ಕಾರ್ಡಿನಲ್ಲಿ ನನ್ನ ಹೆಸರು ಎಲ್ಲಿತ್ತು ಗೊತ್ತಾ? ಕೆಳಗೆ, ಬೀಗರ ಬಾಮೈದನ ಆಮೇಲೆ. ಮನೆಗೆ ಹಿರಿಯ ನಾನು! ಗ್ರೂಪಲ್ಲೇ ಇದ್ದಾನೆ, ಕೇಳಿಸ್ಕೊಳ್ಳಲಿ.

ಹಾಂ, ನೀನು ಕೇಳಿದ್ದು. ಜೋಯಿಸರನ್ನು ನೋಯಿಸಬೇಡಿ. 'ವಾ' ಬೇಕಲ್ವಾ, ನಕ್ಷತ್ರನಾಮ ವಾಣಿ ಅಂತ ಅಕ್ಕಿಯಲ್ಲಿ ಬರೆಸಿ, ಕಿವಿಯಲ್ಲಿ ಹೇಳಿ. ಜಾತಕಕ್ಕೆ ಅದು ಸಾಕು. ನಮ್ಮಲ್ಲಿ ಮೊದಲಿಂದಲೂ ಕರೆಯುವ ಹೆಸರು ಬೇರೆ ಇರುತ್ತೆ. ನಿಮ್ಮಿಷ್ಟದ ಅನನ್ಯ ಇಡಿ, ಒಂದೇ ಸ್ಪೆಲಿಂಗ್, ANANYA, ಆಧಾರಿಗೂ ಅದೇ, ಸ್ಕೂಲಿಗೂ ಅದೇ. ಜನನ ನೋಂದಣಿ 21 ದಿನದೊಳಗೆ ಮಾಡಿಸಿ. ಹೆಸರು ಖಾಲಿ ಬಿಟ್ಟರೂ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಭಾನುವಾರಕ್ಕೇ ಏನೂ ಅವಸರವಿಲ್ಲ. ಸರ್ಟಿಫಿಕೇಟ್ ಬಂದಾಗ ಒಂದೊಂದು ಅಕ್ಷರ ಓದಿ ನೋಡು. ಊಟಕ್ಕೆ ಹೋಳಿಗೆ ಇದೆಯೋ ಇಲ್ಲವೋ?