ಸಹಾಯ ಬೇಕು: ಗುರುವಾರ ಬೆಲ್ಲದ ಗೋಡೌನಿಗೆ ಸರ್ವೇಯರ್ ಬರ್ತಿದ್ದಾರೆ

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನಮ್ಮ ತಂದೆಯವರದ್ದು ಬೆಲ್ಲದ ಮಂಡಿ. ಮೊನ್ನೆಯ ಮಳೆಗೆ ಚರಂಡಿ ಉಕ್ಕಿ ಗೋಡೌನಿಗೆ ನೀರು ನುಗ್ಗಿ, ಅಟ್ಟಿಯ ಕೆಳಗಿನ ಸಾಲುಗಳೆಲ್ಲ ಕರಗಿಹೋಗಿವೆ. ಇನ್ಶೂರೆನ್ಸ್ ಸರ್ವೇಯರ್ ಫೋನ್ ಮಾಡಿ, ಗುರುವಾರ ಬೆಳಿಗ್ಗೆ 11ಕ್ಕೆ ಬರ್ತೀನಿ ಅಂದಿದ್ದಾರೆ.

ಪಾಲಿಸಿ ಪ್ರತಿ, ತುಂಬಿದ ಕ್ಲೇಮ್ ಫಾರಂ, ಸ್ಟಾಕ್ ಪುಸ್ತಕ, ಖರೀದಿ-ಮಾರಾಟದ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್, ನೀರು ನಿಂತಿದ್ದಾಗಿನ ಫೋಟೋ ರೆಡಿ ಇಡಬೇಕಂತೆ. ನೀರು ಒಳಗೆ ಬಂದ ಜಾಗ, ಗೋಡೆ ಮೇಲಿನ ಕೆಸರಿನ ಗೆರೆ, ನೆನೆದ ಮತ್ತು ಒಣಗಿರುವ ಅಟ್ಟಿ ಎರಡನ್ನೂ ತೋರಿಸಬೇಕು. ಗೆರೆ ಎಷ್ಟು ಎತ್ತರಕ್ಕಿದೆ ಅಂತ ನೋಡಿ, ಎಷ್ಟು ಸಾಲು ಮುಳುಗಿತ್ತು ಅಂತ ಅಂದಾಜು ಮಾಡ್ತಾರಂತೆ. ಅದಕ್ಕೇ ಗೋಡೆ ತೊಳೆದಿಲ್ಲ. ಹಾಳಾದ ಬೆಲ್ಲವನ್ನೂ ಎಸೆಯಬೇಡಿ, ಬೇರೆ ಮಾಡಿಡಿ ಅಂದಿದ್ದಾರೆ.

ನಮ್ಮ ಚಿಂತೆ ಲೆಕ್ಕದ್ದು. ಏಪ್ರಿಲ್ 1ಕ್ಕೆ 80 ಕ್ವಿಂಟಾಲ್ ಇತ್ತು, ಆಮೇಲೆ ಕೊಂಡಿದ್ದು 340, ಮಾರಿದ್ದು 290. ಅಂದ್ರೆ 130 ಇರಬೇಕು. ಒಣಗಿರೋದು ತೂಗಿದರೆ 85. ಉಳಿದ 45ರಲ್ಲಿ ಅರ್ಧಕ್ಕಿಂತ ಹೆಚ್ಚು ನೀರಾಗಿ ಹರಿದುಹೋಗಿದೆ, ತೂಗಿ ತೋರಿಸೋಕೆ ಏನೂ ಇಲ್ಲ, ಪುಸ್ತಕವೇ ಆಧಾರ. ಆದರೆ ಆಲೆಮನೆಯವರಿಂದ ಕೊಂಡ ಬಹಳಷ್ಟು ಮಾಲಿಗೆ ಬಿಲ್ಲಿಲ್ಲ, ಬರೀ ತೂಕದ ಚೀಟಿ. ಹಣವನ್ನೂ ಕೆಲವರಿಗೆ ನಗದಾಗಿ ಕೊಟ್ಟಿದ್ದೇವೆ.

ಇಂಥ ಕ್ಲೇಮ್ ಮಾಡಿದವರು ಯಾರಾದರೂ ಇದ್ದೀರಾ? ಚೀಟಿಯ ಜೊತೆ ಆಲೆಮನೆಯವರಿಂದ ಸಹಿ ಪತ್ರ ತಂದುಕೊಟ್ಟರೆ ಒಪ್ಪುತ್ತಾರಾ? ಬುಧವಾರದೊಳಗೆ ಸ್ಟಾಕ್ ಲೆಕ್ಕ ಸರಿಯಾಗಿ ಬರೆದುಕೊಡುವ ಅಕೌಂಟೆಂಟ್ ಮಂಡ್ಯದಲ್ಲಿ ಗೊತ್ತಿದ್ದರೂ ದಯವಿಟ್ಟು ತಿಳಿಸಿ. ಅಪ್ಪ ತುಂಬಾ ಕಂಗಾಲಾಗಿದ್ದಾರೆ.