ಹೋಳಿಗೆ ಊಟದ ನಂತರ ಶುಗರ್ ಯಾವಾಗ ನೋಡಬೇಕು? ಸಹಾಯ ಬೇಕು

ನಮಸ್ಕಾರ. ಅಮ್ಮನಿಗೆ 61 ವರ್ಷ, ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರ. ಮೊದಲ ತುತ್ತಿನಿಂದ ಎರಡು ಗಂಟೆ ಲೆಕ್ಕ ಹಾಕಿ ನೋಡುತ್ತೇವೆ, 160ರ ಆಸುಪಾಸು ಇರುತ್ತೆ.

ಭಾನುವಾರ ಮದುವೆ ಊಟ. ತುಪ್ಪ ಸುರಿದ ಎರಡು ಹೋಳಿಗೆ, ಪಾಯಸ, ಅನ್ನ ಸಾರು. ಊಟ ಶುರುವಾಗಿ ಎರಡು ಗಂಟೆಗೆ 172 ಬಂತು, ಸಮಾಧಾನ ಆಯ್ತು. ನಾಲ್ಕು ಗಂಟೆಗೆ ಅಮ್ಮ ಯಾಕೋ ಸುಸ್ತು ಅಂದರು. ನೋಡಿದರೆ 248! ಬೆರಳಿಗೆ ಸಿಹಿ ಅಂಟಿರಬಹುದು ಅಂತ ಸೋಪು ಹಾಕಿ ತೊಳೆಸಿ, ಒರೆಸಿ, ಹೊಸ ಸ್ಟ್ರಿಪ್‌ನಲ್ಲಿ ನೋಡಿದೆ. 241. ಮಧ್ಯೆ ಏನೂ ತಿಂದಿರಲಿಲ್ಲ. ಮರುದಿನ ಖಾಲಿ ಹೊಟ್ಟೆಗೆ 118, ಎಂದಿನಷ್ಟೇ.

ತುಪ್ಪ ಜಾಸ್ತಿಯಾದರೆ ಸಕ್ಕರೆ ತಡವಾಗಿ ಏರುತ್ತೆ, ಅದು ಗೊತ್ತು. ಯುಗಾದಿ ಹತ್ತಿರ ಬಂತು, ಅವತ್ತೂ ಹೋಳಿಗೆ ಅಲ್ವಾ. ಒಂದೇ ಸಲ ನೋಡುವುದಾದರೆ ಎರಡು ಗಂಟೆಗಾ, ನಾಲ್ಕು ಗಂಟೆಗಾ? ಡಾಕ್ಟರಿಗೆ ಯಾವ ಅಂಕಿ ತೋರಿಸಲಿ?